ಎಂಜಿನ್ ಸದ್ದಿನ ನಡುವೆ ಮಾತು: ಗೇಮ್ ಲೈವ್ ಸ್ಟ್ರೀಮ್ ಆರಂಭಿಸಿದ ನನ್ನ ಅನುಭವ

ನಾನು ಗೇಮ್ ಸ್ಟ್ರೀಮಿಂಗ್ ಆರಂಭಿಸಿದಾಗ ಕ್ಯಾಮೆರಾ ಕೊಳ್ಳಲಿಲ್ಲ. ಕೈಯಲ್ಲಿದ್ದ ಹಣವನ್ನು ಒಂದು ಯುಎಸ್‌ಬಿ ಮೈಕಿಗೂ ಅದನ್ನು ಬಾಯಿಯ ಹತ್ತಿರ ತರುವ ಸ್ಟ್ಯಾಂಡಿಗೂ ಖರ್ಚು ಮಾಡಿದೆ. ಚಿತ್ರ ತುಸು ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ಉಳಿದಂತೆ ಆಟವಾಡುತ್ತಿದ್ದ ಕಂಪ್ಯೂಟರ್, ಹೆಡ್‌ಫೋನ್, ವೈಫೈ ಬದಲಿಗೆ ರೂಟರಿನಿಂದ ಎಳೆದ ಕೇಬಲ್ ಮತ್ತು ಆಟದ ಚಿತ್ರವನ್ನೂ ಸದ್ದನ್ನೂ ಸೇರಿಸಿ ಲೈವ್ ಕಳಿಸುವ, ಉಚಿತವಾಗಿ ಸಿಗುವ OBS Studio ತಂತ್ರಾಂಶ ಇಷ್ಟೇ ಸಾಕಾದವು. ವಿಡಿಯೊವನ್ನು 720p, 30 fps, 3000 kbps ಮಟ್ಟದಲ್ಲಿಟ್ಟೆ. ಅಪ್‌ಲೋಡ್ ವೇಗ ಅದರ ಎರಡರಷ್ಟಿದ್ದರೆ ನಿಶ್ಚಿಂತೆ. ಯೂಟ್ಯೂಬಿನಲ್ಲಿ ಲೈವ್ ಸೌಲಭ್ಯ ಮೊದಲ ಬಾರಿ ಚಾಲೂ ಆಗಲು 24 ಗಂಟೆ ಹಿಡಿಯಬಹುದಾದ್ದರಿಂದ ಹಿಂದಿನ ದಿನವೇ ಕೋರಿಕೆ ಕಳಿಸಬೇಕು.

ನಾನು ಆಡುವುದು ಯೂರೋ ಟ್ರಕ್ ಸಿಮ್ಯುಲೇಟರ್ 2. ಗುಂಡು ಹಾರಿಸುವ ಆಟಗಳಲ್ಲಿ ಸದ್ದು ಬಂದು ಹೋಗುತ್ತದೆ, ಇಲ್ಲಿ ಎಂಜಿನ್ನಿನ ಗುಡುಗು ಎಡೆಬಿಡದೆ ಇರುವುದರಿಂದ ಮಾತು ಅದರಡಿಯಲ್ಲಿ ಹೂತುಹೋಗುತ್ತದೆ. ಮೊದಲು ಮೈಕಿಗೆ Noise Suppression ಫಿಲ್ಟರ್ ಹಾಕಿ ಸೀಲಿಂಗ್ ಫ್ಯಾನಿನ ಸದ್ದನ್ನು ತಗ್ಗಿಸಿದೆ. ಆದರೂ ಫ್ಯಾನ್ ವೇಗವನ್ನೇ ಇಳಿಸಿ ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟಾಗ ಸಿಗುವ ಸ್ವಚ್ಛತೆಯನ್ನು ಯಾವ ಫಿಲ್ಟರೂ ಕೊಡದು. ಆಮೇಲೆ ಸಹಜವಾಗಿ ಮಾತಾಡುತ್ತ, OBS ಮೀಟರಿನಲ್ಲಿ ದನಿ ಹಳದಿ ಪಟ್ಟಿಯೊಳಗೆ, ಸುಮಾರು −15 dB ಹತ್ತಿರ ನಿಲ್ಲುವಂತೆ Gain ಹೊಂದಿಸಿದೆ. ಆಟದ ಸದ್ದನ್ನು −25 dB ಆಸುಪಾಸಿಗೆ ಇಳಿಸಿದೆ.

ಆದರೆ ಅಷ್ಟು ಇಳಿಸಿದರೆ ನಾನು ಸುಮ್ಮನಿರುವಾಗ ಆಟ ಸಪ್ಪೆಯೆನಿಸುತ್ತದೆ. ಆದ್ದರಿಂದ ಆಟದ ಸದ್ದನ್ನು ಮತ್ತೆ ಕೊಂಚ ಏರಿಸಿ, ಅದಕ್ಕೆ Compressor ಫಿಲ್ಟರ್ ಸೇರಿಸಿ, ಅದರ Sidechain/Ducking Source ಜಾಗದಲ್ಲಿ ಮೈಕನ್ನು ಆರಿಸಿದೆ. ಹೀಗೆ ಮಾಡಿದರೆ ನಾನು ಬಾಯಿ ತೆರೆದಾಗಲೆಲ್ಲ ಆಟದ ಸದ್ದು ತಾನಾಗಿ ತಗ್ಗುತ್ತದೆ. Threshold −27 dB, Ratio 3:1 ಇಟ್ಟಾಗ, −15 dB ದನಿ ಆ ಗಡಿಯನ್ನು 12 dB ಮೀರುತ್ತದೆ. ಅದರ ಮೂರರಲ್ಲಿ ಎರಡು ಭಾಗ, ಅಂದರೆ ಸುಮಾರು 8 dB, ಆಟದಿಂದ ಕಳೆಯುತ್ತದೆ. ಮಾತು ನಿಂತ ಮೇಲೆ ಆಟದ ಸದ್ದು ಮರಳಲು ಹಿಡಿಯುವ ಸಮಯವಾದ Release ಅನ್ನು 500 ms ಗೆ ಏರಿಸುವುದು ಅಗತ್ಯ, ಇಲ್ಲದಿದ್ದರೆ ಪದಪದದ ನಡುವೆ ಎಂಜಿನ್ ಏರಿಳಿದು ಕಿವಿಗೆ ಹಿಂಸೆಯಾಗುತ್ತದೆ.

ಲೈವ್ ಹೋಗುವ ಮುನ್ನ ಐದು ನಿಮಿಷ ರೆಕಾರ್ಡ್ ಮಾಡಿ ಮೊಬೈಲ್ ಸ್ಪೀಕರಿನಲ್ಲೂ ಹೆಡ್‌ಫೋನಿನಲ್ಲೂ ಕೇಳುತ್ತೇನೆ. ಮೊಬೈಲಿನ ಚಿಕ್ಕ ಸ್ಪೀಕರು ಎಂಜಿನ್ನಿನ ಮಂದ್ರ ಸ್ವರಗಳನ್ನು ಹೊರಡಿಸುವುದೇ ಇಲ್ಲವಾದ್ದರಿಂದ, ಅದರಲ್ಲಿ ಸರಿಯಾಗಿ ಕೇಳಿದ ಮಾತು ಹೆಡ್‌ಫೋನಿನಲ್ಲಿ ಮುಳುಗಿರುವ ಸಂಭವವಿದೆ.

ನೋಡುಗರು ನಿಧಾನವಾಗಿ ಬಂದರು. ವಾರದಲ್ಲಿ ಎರಡು ನಿಗದಿತ ರಾತ್ರಿ, ಒಂದೇ ಹೊತ್ತಿಗೆ, ಕನ್ನಡದ ಶೀರ್ಷಿಕೆಯೊಂದಿಗೆ ಲೈವ್ ಬರುತ್ತೇನೆ; ಚಾಟಿನಲ್ಲಿ ಯಾರೂ ಇಲ್ಲದಾಗಲೂ ಯಾವ ಊರಿಂದ ಯಾವ ಊರಿಗೆ ಯಾವ ಸರಕು ಸಾಗಿಸುತ್ತಿದ್ದೇನೆಂದು ಹೇಳುತ್ತಿರುತ್ತೇನೆ, ಏಕೆಂದರೆ ನಡುವೆ ಬಂದವರಿಗೆ ಅದೇ ಮೊದಲ ಮಾತು. ಚಾಟಿನ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಯೇ ಉತ್ತರಿಸುತ್ತೇನೆ. ಸ್ಟ್ರೀಮ್ ಮುಗಿದ ಬಳಿಕ ಯೂಟ್ಯೂಬಿನ ಅಂಕಿಅಂಶಗಳಲ್ಲಿ ಜನ ಎಲ್ಲಿ ಬಿಟ್ಟುಹೋದರೆಂದು ನೋಡಿ, ರೆಕಾರ್ಡಿಂಗಿನ ಅದೇ ನಿಮಿಷವನ್ನು ಮತ್ತೆ ಕೇಳುತ್ತೇನೆ. ಅಲ್ಲಿ ಘಾಟಿ ಏರುವ ಎಂಜಿನ್ ಮಾತನ್ನು ನುಂಗಿದ್ದರೆ, ಮುಂದಿನ ಬಾರಿ ಆಟದ ಸೆಟ್ಟಿಂಗಿನಲ್ಲೇ ಎಂಜಿನ್ ಸದ್ದನ್ನು ಇಳಿಸಿ ಆರಂಭಿಸುತ್ತೇನೆ.