ಟಿವಿ ಬಾಕ್ಸ್ 94ಕ್ಕೇ ನಿಂತಿದೆಯಾ? ಕೇಬಲ್ ತುದಿ ನೋಡಿ

ಕಲಬುರಗಿಯಲ್ಲಿರುವ ನಮ್ಮ ಕಾಕಾ 300 ಎಂಬಿಪಿಎಸ್ ಪ್ಲಾನ್ ಹಾಕಿಸಿದ್ದಾರೆ. ಸ್ಟ್ರೀಮಿಂಗ್ ಬಾಕ್ಸನ್ನು ಕೇಬಲ್ ಎಳೆದೇ ರೂಟರಿಗೆ ಜೋಡಿಸಿದ್ದಾರೆ. ಆದರೂ ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ 94. "ರೊಕ್ಕ ಕೊಡೋದು ಮುನ್ನೂರಕ್ಕ, ಬರೋದು ಬರೇ ತೊಂಬತ್ನಾಕು. ಏನಾಗ್ಯದ ನೋಡಪ್ಪಾ" ಅಂದರು.

ಆ 94ರಲ್ಲೇ ಸುಳಿವಿದೆ. 100ರ ಲಿಂಕ್‌ನಲ್ಲಿ ಟೆಸ್ಟಿಗೆ ಸಿಗುವುದು ಹೆಚ್ಚುಕಮ್ಮಿ ಅಷ್ಟೇ. ಇಂಟರ್ನೆಟ್ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತದೆ, ಹೀಗೆ ಒಂದೇ ಕಡೆ ನಿಲ್ಲುವುದಿಲ್ಲ.

ಮೊದಲು ಬಾಕ್ಸಿನ ವಿವರದಲ್ಲಿ ಪೋರ್ಟ್ ಯಾವುದು ಅಂತ ನೋಡಿ. 10/100 ಅಂತಿದ್ದರೆ ಅದರ ಮಿತಿಯೇ ಅಷ್ಟು. ಎಷ್ಟೋ 4ಕೆ ಟಿವಿಗಳಲ್ಲೂ ಇರುವುದು ಇದೇ ಪೋರ್ಟ್. ಆಗ ದುಬಾರಿ ಕೇಬಲ್ ತಂದರೆ ದುಡ್ಡು ಸುಮ್ನೆ ಹೋಗುತ್ತದೆ. 4ಕೆ ಸಿನಿಮಾಗೆ ಸಾಮಾನ್ಯವಾಗಿ 25 ಎಂಬಿಪಿಎಸ್ ಸಾಕು, ಹಾಗಾಗಿ ಚಿಂತೆಯೂ ಬೇಡ. ಕಾಕಾರ ಬಾಕ್ಸಿನಲ್ಲಿ 10/100/1000 ಅಂತಿತ್ತು. ಅಂದರೆ ಗಿಗಾಬಿಟ್, 1000 ಎಂಬಿಪಿಎಸ್‌ವರೆಗೆ ಹೋಗುವಂಥದ್ದು. ರೂಟರಿನ ಪೋರ್ಟೂ ಗಿಗಾಬಿಟ್ಟೇ.

ಮುಂದೆ, ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪಿಗೆ ಅದೇ ಕೇಬಲ್ ಚುಚ್ಚಿ. ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ Link speed ನೋಡಿ. ನಮಗೆ ಬಂದದ್ದು 100/100. ಇನ್ನೊಂದು ಗಿಡ್ಡ ಕೇಬಲ್ ಹಾಕಿದೆವು, 1000/1000 ಬಂತು. ಅಂದರೆ ರೂಟರಿನ ತಪ್ಪಿಲ್ಲ, ತಪ್ಪು ಕೇಬಲ್‌ದೇ.

ಕೇಬಲ್ ಮೇಲೆ CAT 5E ಅಂತ ಅಚ್ಚಾಗಿತ್ತು. ಗಿಗಾಬಿಟ್‌ಗೆ 100 ಮೀಟರ್‌ವರೆಗೂ ಅದು ಸಾಕು. ಹಾಗಾದರೆ ತೊಂದರೆ ಎಲ್ಲಿ? ಒಳಗೆ ಎಂಟು ತಂತಿ, ನಾಲ್ಕು ಜೋಡಿ. 100ರ ವೇಗಕ್ಕೆ 1, 2, 3, 6ನೇ ತಂತಿಗಳಷ್ಟೇ ಬೇಕು. ಗಿಗಾಬಿಟ್‌ಗೆ ಎಂಟೂ ಬೇಕು. 4, 5, 7, 8ರಲ್ಲಿ ಒಂದು ಕೈಕೊಟ್ಟರೂ ಎಷ್ಟೋ ಸಾಧನಗಳು ತಾವಾಗಿಯೇ 100ಕ್ಕೆ ಇಳಿದುಬಿಡುತ್ತವೆ. ಸಿನಿಮಾ ಓಡುತ್ತಲೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ಪ್ಲಗ್ಗಿನ ಕ್ಲಿಪ್ ಕೆಳಗೆ ಬರುವಂತೆ, ಕೇಬಲ್ ನಿಮ್ಮ ಕಡೆ ಇರುವಂತೆ ಹಿಡಿಯಿರಿ. ಎಡಗಡೆಯದ್ದು ಒಂದನೇ ಪಿನ್. ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಎಂಟೂ ಚಿನ್ನದ ಬಣ್ಣದ ಪಟ್ಟಿಗಳು ಒಂದೇ ಮಟ್ಟದಲ್ಲಿರಬೇಕು. ಕಾಕಾರ ಮನೆಯಲ್ಲಿ ಏಳನೆಯದು ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಕ್ರಿಂಪ್ ಮಾಡುವಾಗ ಪೂರ್ತಿ ಒತ್ತಿರಲಿಲ್ಲ, ಬಿಳಿ-ಕಂದು ತಂತಿಗೆ ಕಚ್ಚಿಕೊಂಡಿರಲಿಲ್ಲ. ಆ ತುದಿ ಕತ್ತರಿಸಿ, ಇನ್ನೊಂದು ತುದಿಯ ಬಣ್ಣದ ಕ್ರಮವನ್ನೇ ನೋಡಿಕೊಂಡು ಹೊಸ ಪ್ಲಗ್ ಕ್ರಿಂಪ್ ಮಾಡಿದೆವು.

ಎರಡು ತುದಿಯೂ ಸರಿಯಿದ್ದರೆ ಕೇಬಲ್ ಹಾದುಹೋದ ದಾರಿ ನೋಡಿ. ಬಾಗಿಲ ಸಂದಿಯಲ್ಲಿ, ಶಹಾಬಾದ್ ಕಲ್ಲಿನ ಹೊಸ್ತಿಲ ಮೇಲೆ ಜಜ್ಜಿರಬಹುದು. ಇಲಿ ಕಡಿದಿರಲೂಬಹುದು.

ಬೇರೆ ಕೇಬಲ್ ಹಾಕಿದರೂ ಬಾಕ್ಸ್ ಮಾತ್ರ 100ರಲ್ಲೇ ಇದ್ದರೆ, ಅದರ ಕರೆಂಟ್ ತೆಗೆದು ಪೋರ್ಟಿನೊಳಗೆ ಟಾರ್ಚ್ ಬಿಡಿ. ಬಾಗಿದ ಪಿನ್ ಪಕ್ಕದ್ದಕ್ಕೆ ತಾಗಿದ್ದರೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಸರಿಸಬಹುದು. ಸೂಜಿ ಹಾಕಬೇಡಿ. ಪಿನ್ ಮುರಿದಿದ್ದರೆ ರಿಪೇರಿಯವರೇ ಪೋರ್ಟ್ ಬದಲಿಸಬೇಕು.

ಕಾಕಾರ ಬಾಕ್ಸ್ ಈಗ 280 ದಾಟುತ್ತದೆ.