ಸಿಬಿಸಿ ರಿಪೋರ್ಟ್ ಓದುವುದು ಹೇಗೆ? ಒಂದೊಂದೇ ಸಾಲು ನೋಡೋಣ

ರಿಪೋರ್ಟ್ ಮೊಬೈಲಿಗೆ ಬಂದ ತಕ್ಷಣ ಎಲ್ಲರ ಕಣ್ಣು ಹೋಗುವುದು ದಪ್ಪ ಅಕ್ಷರದಲ್ಲಿರುವ ಅಂಕಿಗಳ ಮೇಲೆ. ಆದರೆ ಸಿಬಿಸಿಯಲ್ಲಿ, ಅಂದರೆ ರಕ್ತದ ಕಣಗಳನ್ನು ಎಣಿಸಿ ಅಳೆಯುವ ಪರೀಕ್ಷೆಯಲ್ಲಿ, ಒಂದು ಸಾಲಿನ ಅರ್ಥ ಇನ್ನೊಂದು ಸಾಲಿನಲ್ಲಿರುತ್ತದೆ. ಉದಾಹರಣೆಗೆ, ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎನ್ನುವ 32 ವರ್ಷದ ಹೆಣ್ಣುಮಗಳೊಬ್ಬಳ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ: ಹಿಮೋಗ್ಲೋಬಿನ್ 9.4, ಕೆಂಪು ಕಣ 41 ಲಕ್ಷ, ಎಂಸಿವಿ 70, ಆರ್‌ಡಿಡಬ್ಲ್ಯೂ 18, ಬಿಳಿ ಕಣ 7,200, ಪ್ಲೇಟ್‌ಲೆಟ್ 4.3 ಲಕ್ಷ.

ಮೊದಲು ಯಾವ ಸಾಲು ನೋಡಬೇಕು?

ಹಿಮೋಗ್ಲೋಬಿನ್. ಉಸಿರಾಡಿದ ಆಮ್ಲಜನಕವನ್ನು ಮೈಯೆಲ್ಲ ಸಾಗಿಸುವುದು ಇದೇ. ಗರ್ಭಿಣಿಯಲ್ಲದ ಹೆಂಗಸರಿಗೆ 12, ಗಂಡಸರಿಗೆ 13, ಗರ್ಭಿಣಿಯರಿಗೆ ಸಾಮಾನ್ಯವಾಗಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಇವಳದು 9.4, ಅಂದರೆ ಸುಸ್ತಿಗೆ ಕಾರಣ ಇದೆ. ಆದರೆ ಯಾಕೆ ಕಡಿಮೆಯಾಯಿತು ಅಂತ ಈ ಸಾಲು ಹೇಳುವುದಿಲ್ಲ. ತುಂಬಾ ಜನ ಇಲ್ಲಿಗೇ ಓದು ನಿಲ್ಲಿಸಿ ಮೆಡಿಕಲ್ ಶಾಪಿಗೆ ಹೋಗಿ ಟಾನಿಕ್ ತರುತ್ತಾರೆ, ಅದೇ ಬೇಡ ಅನ್ನುವುದು.

ಹಾಗಾದರೆ ಕಾರಣ ಎಲ್ಲಿ ಸಿಗುತ್ತದೆ?

ಎಂಸಿವಿಯಲ್ಲಿ. ಇದು ಕೆಂಪು ಕಣಗಳ ಸರಾಸರಿ ಗಾತ್ರ. 80ರಿಂದ 100 ಸಾಮಾನ್ಯ. ಕಬ್ಬಿಣದ ಅಂಶ ಸಾಲದಿದ್ದರೆ ಕಣ ಚಿಕ್ಕದಾಗುತ್ತದೆ, ಬಿ12 ಅಥವಾ ಫೋಲಿಕ್ ಆಮ್ಲ ಸಾಲದಿದ್ದರೆ ದೊಡ್ಡದಾಗುತ್ತದೆ. ಇವಳದು 70, ಚಿಕ್ಕದು. ಪಕ್ಕದ ಎಂಸಿಎಚ್ ಅಂದರೆ ಒಂದೊಂದು ಕಣದಲ್ಲಿ ಎಷ್ಟು ಹಿಮೋಗ್ಲೋಬಿನ್ ಇದೆ ಅನ್ನುವುದು. ಎಂಸಿವಿ ಇಳಿದರೆ ಸಾಮಾನ್ಯವಾಗಿ ಅದೂ ಇಳಿಯುತ್ತದೆ.

ಆರ್‌ಡಿಡಬ್ಲ್ಯೂ ಅಂದರೇನು? ಅದನ್ನು ಯಾರೂ ವಿವರಿಸುವುದೇ ಇಲ್ಲ.

ನಿಜ, ಆದರೆ ತುಂಬಾ ಉಪಯೋಗದ ಸಾಲು ಇದು. ಕೆಂಪು ಕಣಗಳೆಲ್ಲ ಒಂದೇ ಗಾತ್ರದಲ್ಲಿವೆಯೋ, ಇಲ್ಲ ಜರಡಿ ಹಿಡಿಯದ ಕಾಳಿನ ಹಾಗೆ ದಪ್ಪ, ಸಣ್ಣ ಬೆರೆತಿವೆಯೋ ಅಂತ ಹೇಳುತ್ತದೆ. ಸುಮಾರು 14.5ರವರೆಗೆ ಸರಿ. ಕಬ್ಬಿಣ ದಿನದಿಂದ ದಿನಕ್ಕೆ ಕರಗುತ್ತಾ ಹೋದರೆ ಹಳೆಯ ಕಣ ದೊಡ್ಡದು, ಹೊಸದು ಚಿಕ್ಕದು, ಹಾಗಾಗಿ ಅಂಕಿ ಏರುತ್ತದೆ. ಇನ್ನೊಂದು ಮಾತು: ಕಬ್ಬಿಣ, ಬಿ12 ಎರಡೂ ಕಡಿಮೆ ಇದ್ದರೆ ಚಿಕ್ಕ ಕಣ, ದೊಡ್ಡ ಕಣ ಸೇರಿ ಎಂಸಿವಿ ಸರಾಸರಿ 88 ಅಂತ ಸುಮ್ನೆ ಚೆನ್ನಾಗಿ ಕಾಣಬಹುದು. ಆಗ ಗುಟ್ಟು ಬಿಟ್ಟುಕೊಡುವುದು ಆರ್‌ಡಿಡಬ್ಲ್ಯೂ.

ಎಂಸಿವಿ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೇ ಅಲ್ವಾ?

ಯಾವಾಗಲೂ ಅಲ್ಲ. ಅಪ್ಪನಿಂದಲೋ ಅಮ್ಮನಿಂದಲೋ ಬರುವ ಹಿಮೋಗ್ಲೋಬಿನ್ ದೋಷವಾದ ಥಲಸ್ಸೆಮಿಯಾ ಮೈನರ್‌ನಲ್ಲೂ ಕಣ ಚಿಕ್ಕದೇ. ಎಂಸಿವಿಯನ್ನು ಕೆಂಪು ಕಣದ ಸಂಖ್ಯೆಯಿಂದ (ದಶಲಕ್ಷದಲ್ಲಿ) ಭಾಗಿಸಿ ನೋಡಿ. ಇವಳದು 70 ಭಾಗಿಸು 4.1, ಸುಮಾರು 17. ಉತ್ತರ 13ಕ್ಕಿಂತ ಜಾಸ್ತಿ ಬಂದರೆ ಕಬ್ಬಿಣದ ಕೊರತೆಯ ಕಡೆಗೆ, ಕಡಿಮೆ ಬಂದರೆ ಥಲಸ್ಸೆಮಿಯಾ ಮೈನರ್ ಕಡೆಗೆ ಬೊಟ್ಟು ಮಾಡುತ್ತದೆ. ಇದು ಸುಳಿವು ಅಷ್ಟೇ, ತೀರ್ಪಲ್ಲ. ಖಚಿತಕ್ಕೆ ಮೈಯಲ್ಲಿ ಎಷ್ಟು ಕಬ್ಬಿಣ ಸಂಗ್ರಹವಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಬೇಕು, ಥಲಸ್ಸೆಮಿಯಾ ಅನುಮಾನವಿದ್ದರೆ ಹಿಮೋಗ್ಲೋಬಿನ್ ಎ2 ಪರೀಕ್ಷೆ. ಗಂಡಹೆಂಡತಿ ಇಬ್ಬರಿಗೂ ಮೈನರ್ ಇದ್ದರೆ ಮಗುವಿಗೆ ತೀವ್ರ ಕಾಯಿಲೆ ಬರಬಹುದು, ಅದಕ್ಕೇ ಈ ವ್ಯತ್ಯಾಸ ಮುಖ್ಯ.

ಬಿಳಿ ಕಣದ ಸಾಲುಗಳಲ್ಲಿ ಶೇಕಡಾ ಕೆಂಪಾಗಿದೆ. ಹೆದರಬೇಕಾ?

ಮೊದಲು ಒಟ್ಟು ಸಂಖ್ಯೆ ನೋಡಿ, 4,000ದಿಂದ 11,000 ಸಾಮಾನ್ಯ. ನ್ಯೂಟ್ರೋಫಿಲ್, ಲಿಂಫೋಸೈಟ್, ಇಯೋಸಿನೋಫಿಲ್ ಎಲ್ಲ ಆ ಒಟ್ಟಿನ ಪಾಲುಗಳು. ಒಂದರ ಪಾಲು ಏರಿದರೆ ಇನ್ನೊಂದರದು ಇಳಿಯಲೇಬೇಕು. ಒಟ್ಟು 4,400 ಇದ್ದು ಲಿಂಫೋಸೈಟ್ ಶೇ 50 ಅಂದರೆ 2,200, ಅದು ಸರಿಯಾದ ಸಂಖ್ಯೆಯೇ. ಶೇಕಡಾ ಬಿಟ್ಟು ಅಬ್ಸೊಲ್ಯೂಟ್ ಕೌಂಟ್ ಅಂತಿರುವ ಸಾಲು ಓದಿ.

ಪ್ಲೇಟ್‌ಲೆಟ್ ಇದ್ದಕ್ಕಿದ್ದಂತೆ 60,000 ಬಂದರೆ?

ಸಾಮಾನ್ಯ ಮಟ್ಟ 1.5ರಿಂದ 4.5 ಲಕ್ಷ. ಜ್ವರ, ರಕ್ತಸ್ರಾವ, ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಏನೂ ಇಲ್ಲದೆ ಆರಾಮಾಗಿರುವವರಲ್ಲಿ ಹೀಗೆ ಬಂದರೆ ಇನ್ನೊಂದು ಸಾಧ್ಯತೆಯೂ ಇದೆ: ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ಇಡಿಟಿಎಯಿಂದ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಮಷೀನು ಗುಂಪನ್ನು ಸರಿಯಾಗಿ ಎಣಿಸುವುದಿಲ್ಲ. ಸ್ಲೈಡ್ ಮೇಲೆ ಸ್ಮಿಯರ್ ಮಾಡಿ ನೋಡಿದರೆ ಗೊತ್ತಾಗುತ್ತದೆ, ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ಎಣಿಸಬಹುದು.

ಈ ಹೆಣ್ಣುಮಗಳು ಮುಂದೇನು ಮಾಡಬೇಕು?

ಫೆರಿಟಿನ್ ಮಾಡಿಸಬೇಕು. ಕಬ್ಬಿಣ ಎಲ್ಲಿ ಸೋರುತ್ತಿದೆ ಅಂತಲೂ ಡಾಕ್ಟರ್ ಕೇಳುತ್ತಾರೆ: ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತದಾ, ಮೂಲವ್ಯಾಧಿ ಇದೆಯಾ, ಕೊಕ್ಕೆಹುಳು ಇರಬಹುದಾ. ಗಂಡಸರಿಗೆ, ಮುಟ್ಟು ನಿಂತವರಿಗೆ ಕಬ್ಬಿಣ ಕಡಿಮೆ ಬಂದರೆ ಹೊಟ್ಟೆ, ಕರುಳಿನಲ್ಲಿ ರಕ್ತ ಹೋಗುತ್ತಿದೆಯಾ ಅಂತ ನೋಡಲೇಬೇಕು. ಕಬ್ಬಿಣದ ಮಾತ್ರೆ ಶುರುವಾದರೆ ಅದರ ಜೊತೆ ಕಾಫಿ, ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ತಿಂಗಳಾದ ಮೇಲೆ ಮತ್ತೆ ಸಿಬಿಸಿ ಮಾಡಿಸಿದಾಗ ಹಿಮೋಗ್ಲೋಬಿನ್ 1ರಿಂದ 2 ಗ್ರಾಂ ಏರಿರಬೇಕು. ಏರದಿದ್ದರೆ ಮಾತ್ರೆ ಸರಿಯಾಗಿ ತಗೊಳ್ಳುತ್ತಿಲ್ಲ, ಇಲ್ಲ ರಕ್ತ ಇನ್ನೂ ಹೋಗುತ್ತಿದೆ, ಇಲ್ಲ ಕಾರಣವೇ ಬೇರೆ. 12 ದಾಟಿತು ಅಂತ ಮಾತ್ರೆ ನಿಲ್ಲಿಸುವುದಲ್ಲ, ಒಳಗಿನ ಸಂಗ್ರಹ ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು.