ಗೆರೆಯ ಮೇಲೆ ನಿಂತ ವಿಂಗ್ ಡಿಫೆನ್ಸ್: ನೆಟ್‌ಬಾಲ್ ಕಲಿಸಿದ ನನ್ನ ಅನುಭವ

ಕಾರವಾರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ನಮ್ಮ ಹುಡುಗಿಯರಿಗೆ ಥ್ರೋಬಾಲ್ ಮತ್ತು ಕಬಡ್ಡಿ ಚೆನ್ನಾಗಿ ಗೊತ್ತಿದ್ದವು, ನೆಟ್‌ಬಾಲ್ ಗೊತ್ತಿರಲಿಲ್ಲ. ಮಳೆಗಾಲ ಮುಗಿದು ಮೈದಾನದ ಕೆಂಪು ಮಣ್ಣು ಗಟ್ಟಿಯಾದ ಮೇಲೆ ನಾವೇ ಅಂಕಣ ಹಾಕಿದೆವು. ಉದ್ದ 30.5 ಮೀಟರ್, ಅಗಲ 15.25 ಮೀಟರ್. ಉದ್ದವನ್ನು ಎರಡು ಅಡ್ಡಗೆರೆಗಳಿಂದ ಮೂರು ಸಮಪಾಲು ಮಾಡಿ, ಎರಡೂ ತುದಿಗಳಲ್ಲಿ ಗೋಲುಗೆರೆಯ ನಡುಬಿಂದುವಿಗೆ ಕತ್ತದ ಹಗ್ಗ ಕಟ್ಟಿ 4.9 ಮೀಟರ್ ತ್ರಿಜ್ಯದ ಅರ್ಧವೃತ್ತ ಎಳೆದು, ಅದರ ಮೇಲೆ ಸುಣ್ಣದ ಪುಡಿ ಹಾಕಿದೆವು. ಈ ಆಟದಲ್ಲಿ ಯಾರು ಯಾರಿಗೆ ಚೆಂಡು ಕೊಡಬಲ್ಲರು ಎಂಬುದನ್ನು ಬಹುಮಟ್ಟಿಗೆ ಆ ಗೆರೆಗಳೇ ತೀರ್ಮಾನಿಸುತ್ತವೆ ಎಂಬುದು ಆಗ ನನಗೂ ಪೂರ್ತಿ ಅರ್ಥವಾಗಿರಲಿಲ್ಲ.

ನಿಯಮಗಳನ್ನು ಕಲಿಸಿದ್ದೆ. ತಂಡದ ಏಳು ಜನರಿಗೂ ಓಡಾಡುವ ಪಾಲುಗಳು ಗೊತ್ತುಮಾಡಿರುತ್ತವೆ. ನಾವು ಗೋಲು ಹಾಕುವ ತುದಿಯದು ಎದುರು ಪಾಲು, ನಾವು ಕಾಯುವ ತುದಿಯದು ನಮ್ಮ ಪಾಲು. ಗೋಲ್ ಶೂಟರ್ ಎದುರು ಪಾಲಿನಲ್ಲಿ ಮಾತ್ರ ಓಡಾಡಬೇಕು, ಗೋಲ್ ಕೀಪರ್ ನಮ್ಮ ಪಾಲಿನಲ್ಲಿ ಮಾತ್ರ. ಗೋಲ್ ಅಟ್ಯಾಕ್ ಮತ್ತು ವಿಂಗ್ ಅಟ್ಯಾಕ್ ನಡುಪಾಲಿನಲ್ಲೂ ಎದುರು ಪಾಲಿನಲ್ಲೂ ಇರಬಹುದು, ಗೋಲ್ ಡಿಫೆನ್ಸ್ ಮತ್ತು ವಿಂಗ್ ಡಿಫೆನ್ಸ್ ನಡುಪಾಲಿನಲ್ಲೂ ನಮ್ಮ ಪಾಲಿನಲ್ಲೂ ಇರಬಹುದು. ಎರಡೂ ಅರ್ಧವೃತ್ತಗಳು ವಿಂಗ್‌ಗಳಿಗೂ ಸೆಂಟರ್‌ಗೂ ನಿಷಿದ್ಧ. ಮೂರೂ ಪಾಲುಗಳಲ್ಲಿ ಕಾಲಿಡಬಹುದಾದವಳು ಸೆಂಟರ್ ಒಬ್ಬಳೇ. ಹುಡುಗಿಯರು ಇದನ್ನು ಪಾಠದಂತೆ ಒಪ್ಪಿಸುತ್ತಿದ್ದರು. ಆದರೆ ಚೆಂಡು ಎಲ್ಲಿದೆಯೋ ಅಲ್ಲಿಗೆ ಎಲ್ಲರೂ ಓಡುವ ಹಳೆಯ ಅಭ್ಯಾಸ ಹೋಗಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಆಫ್‌ಸೈಡ್‌ಗೆ, ಅಂದರೆ ತನ್ನದಲ್ಲದ ಜಾಗದಲ್ಲಿ ಕಾಲಿಟ್ಟ ತಪ್ಪಿಗೆ, ಊದಿದ ಸೀಟಿಗೆ ಲೆಕ್ಕವಿರಲಿಲ್ಲ.

ನಿಜವಾದ ತೊಂದರೆ ಕಂಡದ್ದು ಶಿರಸಿ ಕಡೆಯಿಂದ ಬಂದ ಒಂದು ತಂಡದೊಡನೆ ಸ್ನೇಹಪಂದ್ಯ ಆಡಿದಾಗ. ಅಂದು ನಮ್ಮವರು ಆಫ್‌ಸೈಡ್ ಆದದ್ದು ಕಡಿಮೆ, ಆದರೂ ಚೆಂಡು ನಮ್ಮ ಪಾಲಿನಿಂದ ಹೊರಗೆ ಹೋಗುತ್ತಲೇ ಇರಲಿಲ್ಲ. ಎದುರಾಳಿಯ ಶಾಟ್ ತಪ್ಪಿ ಚೆಂಡು ನಮ್ಮ ಗೋಲ್ ಕೀಪರ್ ಕೈಗೆ ಬರುತ್ತಿತ್ತು, ಅವಳು ಅರ್ಧವೃತ್ತದೊಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದಳು, ಚೆಂಡನ್ನು ಕೈಯಲ್ಲಿಟ್ಟುಕೊಳ್ಳಲು ಇರುವ ಮೂರು ಸೆಕೆಂಡ್ ಮುಗಿಯುತ್ತಿತ್ತು. ಒಮ್ಮೆ ಅವಳು ತೋಳಿನ ಬಲವನ್ನೆಲ್ಲ ಹಾಕಿ ನೇರವಾಗಿ ನಮ್ಮ ಗೋಲ್ ಶೂಟರ್‌ಗೇ ಎಸೆದಳು. ಶೂಟರ್ ಸೊಗಸಾಗಿ ಹಿಡಿದೂ ಹಿಡಿದಳು. ಅಂಪೈರ್ ಸೀಟಿ ಊದಿ ಚೆಂಡನ್ನು ಎದುರಾಳಿಗೆ ಕೊಟ್ಟರು.

“ಅಕ್ಕೋರೇ, ಅವಳು ಹಿಡಿದದ್ದು ಅವಳ ಜಾಗದಲ್ಲೇ ಅಲ್ರಾ?” ಎಂದು ಕೀಪರ್ ನನ್ನನ್ನೇ ಕೇಳಿದಳು. ಹಿಡಿದ ಜಾಗದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದದ್ದು ಚೆಂಡು ಬಂದ ದಾರಿಯಲ್ಲಿ. ಯಾರೂ ಮುಟ್ಟದೆ ಚೆಂಡು ಒಂದು ಪೂರ್ತಿ ಪಾಲನ್ನು ದಾಟುವಂತಿಲ್ಲ. ನಡುಪಾಲಿನಲ್ಲಿ ಯಾರಾದರೂ ಅದನ್ನು ಹಿಡಿಯಬೇಕು ಅಥವಾ ಮುಟ್ಟಬೇಕು. ತಪ್ಪಿದರೆ ಚೆಂಡು ದಾಟಿದ ಎರಡನೇ ಗೆರೆಯ ಆಚೆಬದಿಯಲ್ಲಿ ಎದುರಾಳಿಗೆ ಫ್ರೀ ಪಾಸ್ ಸಿಗುತ್ತದೆ. ಹೀಗಾಗಿ ನಮ್ಮ ಅರ್ಧವೃತ್ತದಿಂದ ಎದುರಿನ ಅರ್ಧವೃತ್ತಕ್ಕೆ ಚೆಂಡು ತಲುಪಲು ಕನಿಷ್ಠ ಎರಡು ಪಾಸು ಬೇಕೇ ಬೇಕು. ಪ್ರಶ್ನೆಯಿದ್ದದ್ದು ಆ ಪಾಸುಗಳನ್ನು ಹಿಡಿಯಲು ಯಾರು ಎಲ್ಲಿ ಇರಬಲ್ಲರು ಎಂಬುದರಲ್ಲಿ.

ಆ ಸಂಜೆ ಮನೆಯಲ್ಲಿ ನೋಟ್‌ಪುಸ್ತಕದ ಹಾಳೆಯಲ್ಲಿ ಅಂಕಣ ಬರೆದು, ನೆನಪಿದ್ದಷ್ಟು ಪಾಸುಗಳನ್ನು ಪೆನ್ಸಿಲ್‌ನಿಂದ ಎಳೆದೆ. ಹೆಚ್ಚುಕಡಿಮೆ ಎಲ್ಲ ಗೆರೆಗಳೂ ಸೆಂಟರ್‌ನ ಮೇಲೆ ಹೋಗಿ ಕೂತವು. ಎಲ್ಲಿ ಬೇಕಾದರೂ ಹೋಗಬಲ್ಲವಳು ಅವಳೊಬ್ಬಳೇ ಎಂದು ನಾನೇ ಹೇಳಿಕೊಟ್ಟಿದ್ದರಿಂದ ಉಳಿದ ಆರು ಜನ ಅವಳನ್ನೇ ಹುಡುಕುತ್ತಿದ್ದರು. ಎದುರಾಳಿ ತಂಡ ಇದನ್ನು ನನಗಿಂತ ಮೊದಲೇ ಕಂಡುಕೊಂಡಿತ್ತು. ಅವರ ಸೆಂಟರ್ ನಮ್ಮ ಸೆಂಟರ್‌ಗೆ ಅಂಟಿಕೊಂಡಿದ್ದಳು, ಅವರ ವಿಂಗ್ ಅಟ್ಯಾಕ್ ಕೂಡ ಅದೇ ಕಡೆಗೆ ಸರಿದು ನಿಲ್ಲುತ್ತಿದ್ದಳು.

ಅದೇ ಹಾಳೆಯಲ್ಲಿ ಪ್ರತಿ ಪಾಲಿನಲ್ಲೂ ನಮ್ಮವರು ಎಷ್ಟು ಜನ ಇರಬಹುದು ಎಂದು ಎಣಿಸಿದೆ. ನಮ್ಮ ಪಾಲಿನಲ್ಲಿ ಕೀಪರ್, ಗೋಲ್ ಡಿಫೆನ್ಸ್, ವಿಂಗ್ ಡಿಫೆನ್ಸ್, ಸೆಂಟರ್, ಒಟ್ಟು ನಾಲ್ವರು. ಚೆಂಡು ಮೊದಲ ಅಡ್ಡಗೆರೆ ದಾಟಿದೊಡನೆ ಕೀಪರ್ ಹಿಂದೆ ಉಳಿಯುತ್ತಾಳೆ, ಗೋಲ್ ಅಟ್ಯಾಕ್ ಮತ್ತು ವಿಂಗ್ ಅಟ್ಯಾಕ್ ಸೇರುತ್ತಾರೆ, ಐವರಾಗುತ್ತಾರೆ. ಎರಡನೇ ಅಡ್ಡಗೆರೆ ದಾಟಿದರೆ ಎರಡೂ ಡಿಫೆನ್ಸ್‌ಗಳು ಕಳಚಿಕೊಂಡು ಶೂಟರ್ ಸೇರಿ ಮತ್ತೆ ನಾಲ್ವರು. ಅರ್ಧವೃತ್ತದೊಳಗೆ ಶೂಟರ್ ಮತ್ತು ಗೋಲ್ ಅಟ್ಯಾಕ್ ಇಬ್ಬರೇ, ಗೋಲು ಹಾಕುವ ಹಕ್ಕೂ ಅವರಿಬ್ಬರಿಗೇ. ಚೆಂಡು ಹಿಡಿದವಳು ಓಡುವಂತಿಲ್ಲ, ನೆಲಕ್ಕೆ ಚೆಂಡು ಬಡಿಯುತ್ತ ಸಾಗುವಂತೆಯೂ ಇಲ್ಲ. ಆದ್ದರಿಂದ ಪ್ರತಿ ಅಡ್ಡಗೆರೆಯ ಬಳಿ ಚೆಂಡು, ಕಳಚಿಕೊಳ್ಳುವವಳ ಕೈಯಿಂದ ಮುಂದೆ ಹೋಗಬಲ್ಲವಳ ಕೈಗೆ ದಾಟಲೇಬೇಕು. ಮರುದಿನದಿಂದ ನಾನು ಸ್ಥಾನಗಳ ಪಟ್ಟಿ ಒಪ್ಪಿಸುವುದನ್ನು ಬಿಡಿಸಿ, ಚೆಂಡು ಇಂಥ ಕಡೆ ಇದ್ದರೆ ಅಲ್ಲಿಗೆ ಯಾರು ಬರಬಹುದು ಎಂದು ಮಾತ್ರ ಕೇಳತೊಡಗಿದೆ.

ಮೊದಲು ತಿದ್ದಿದ್ದು ನಮ್ಮ ಪಾಲಿನಿಂದ ಹೊರಡುವ ದಾರಿಯನ್ನು. ಕೀಪರ್ ಕೈಯಲ್ಲಿ ಚೆಂಡಿದ್ದಾಗ ನಮ್ಮ ವಿಂಗ್ ಡಿಫೆನ್ಸ್ ಉತ್ಸಾಹದಿಂದ ನಡುಪಾಲಿಗೆ ಓಡಿಬಿಡುತ್ತಿದ್ದಳು. ಅಂದರೆ ನಾಲ್ವರು ಇರಬಹುದಾದ ಜಾಗದಲ್ಲಿ ಕೀಪರ್‌ಗೆ ಉಳಿಯುತ್ತಿದ್ದವರು ಇಬ್ಬರೇ. ಅವಳನ್ನು ತಿರುಗಿಸಿ ಪಕ್ಕದ ಗೆರೆಯ ಬಳಿಗೆ, ಮೊದಲ ಅಡ್ಡಗೆರೆಯ ಒಳಗಡೆಯೇ ಓಡುವಂತೆ ಮಾಡಿದೆ. ಅವಳ ಹಿಂದೆ ಎದುರಾಳಿಯ ವಿಂಗ್ ಅಟ್ಯಾಕ್ ಹೋಗದಿದ್ದರೆ ಪಾಸು ಅವಳಿಗೆ, ಹೋದರೆ ನಡುವೆ ಜಾಗ ತೆರೆದು ಸೆಂಟರ್‌ಗೆ. ಅವಳು ಚೆಂಡು ಹಿಡಿಯುವ ಹೊತ್ತಿಗೆ ಮುಂದಿನವರು ಹೊರಟಿರಬೇಕು, ಏಕೆಂದರೆ ಅವಳಿಗಿರುವುದೂ ಮೂರೇ ಸೆಕೆಂಡ್.

ಆ ಮುಂದಿನವರು ಯಾರು ಎಂಬಲ್ಲಿ ನಾನು ಒಂದು ತಪ್ಪು ಮಾಡಿದೆ. ತಂಡದಲ್ಲಿ ಅತ್ಯುತ್ತಮವಾಗಿ ಚೆಂಡು ಹಿಡಿಯುತ್ತಿದ್ದವಳು ಗೋಲ್ ಅಟ್ಯಾಕ್, ಹಾಗಾಗಿ ಮೊದಲ ಅಡ್ಡಗೆರೆಯವರೆಗೂ ಅವಳನ್ನೇ ಇಳಿದು ಬರಲು ಹೇಳಿದೆ. ಚೆಂಡು ಸಲೀಸಾಗಿ ಹೊರಬಂತು, ಆದರೆ ಮುಂದೆ ನಿಂತುಹೋಯಿತು. ಅವಳು ಮೊದಲ ಗೆರೆಯ ಬಳಿ ಹಿಡಿದಳೆಂದರೆ ಎದುರಿನ ಅಡ್ಡಗೆರೆ ಇನ್ನೂ ಹತ್ತು ಮೀಟರ್ ದೂರ, ಅರ್ಧವೃತ್ತದಲ್ಲಿ ಶೂಟರ್ ಒಬ್ಬಳೇ, ಅವಳ ಮೇಲೆ ಇಬ್ಬರು ರಕ್ಷಕಿಯರು. ಆದ್ದರಿಂದ ಇಳಿದು ಬರುವ ಕೆಲಸವನ್ನು ವಿಂಗ್ ಅಟ್ಯಾಕ್‌ಗೆ ವಹಿಸಿ, ಗೋಲ್ ಅಟ್ಯಾಕ್‌ಳನ್ನು ಎರಡನೇ ಗೆರೆಯ ಸುತ್ತಮುತ್ತ ಇರಿಸಿದೆ. ಬೇರೆ ತರಬೇತುದಾರರು ಇದನ್ನು ತಿರುಗಾಮುರುಗಾ ಮಾಡುವುದನ್ನೂ ನೋಡಿದ್ದೇನೆ. ವೃತ್ತಕ್ಕೆ ಹೋಗಬಲ್ಲವರು ಇಬ್ಬರೇ ಇರುವಾಗ ಅವರಲ್ಲೊಬ್ಬಳನ್ನು ಅಷ್ಟು ದೂರ ಕಳಿಸುವುದು ನನಗೆ ದುಬಾರಿ ಎನ್ನಿಸುತ್ತದೆ.

ಎರಡನೆಯದು ಸೆಂಟರ್ ಪಾಸ್, ಅಂದರೆ ನಡುಪಾಲಿನಿಂದ ಸೆಂಟರ್ ಎಸೆದು ಆಟ ಶುರುಮಾಡುವ ಪಾಸು. ಸೀಟಿ ಊದುವ ತನಕ ಸೆಂಟರ್‌ಗಳನ್ನು ಬಿಟ್ಟು ಉಳಿದವರೆಲ್ಲ ತಂತಮ್ಮ ಗೋಲುಪಾಲಿನಲ್ಲೇ ಇರಬೇಕು, ಮತ್ತು ಆ ಪಾಸನ್ನು ನಡುಪಾಲಿನಲ್ಲೇ ಹಿಡಿಯಬೇಕು ಅಥವಾ ಮುಟ್ಟಬೇಕು. ಶೂಟರ್‌ಗೂ ಕೀಪರ್‌ಗೂ ಅಲ್ಲಿ ಪ್ರವೇಶವಿಲ್ಲ, ಹಾಗಾಗಿ ಹಿಡಿಯಬಲ್ಲವರು ನಾಲ್ವರು, ಇಬ್ಬರು ಮುಂದಿನಿಂದ, ಇಬ್ಬರು ಹಿಂದಿನಿಂದ. ನಮ್ಮವರು ಸದಾ ಮುಂದಿನ ಇಬ್ಬರಿಗೇ ಎಸೆಯುತ್ತಿದ್ದರು. ಹಿಂದಕ್ಕೆ ಕೊಡಿ ಎಂದರೆ, “ಚೆಂಡು ಮುಂದೆ ಹೋಗಬೇಕಲ್ರಾ ಅಕ್ಕೋರೇ, ಹಿಂದೆ ಎಂತಕೆ ಕೊಡೋದು?” ಎಂಬ ಪ್ರಶ್ನೆ. ಮಾತಿನಿಂದ ಉತ್ತರ ಕೊಡದೆ, ಗೋಲ್ ಅಟ್ಯಾಕ್ ಮತ್ತು ವಿಂಗ್ ಅಟ್ಯಾಕ್ ಇಬ್ಬರ ಮುಂದೆಯೂ ಬಿಗಿಯಾಗಿ ಕಾವಲು ನಿಲ್ಲಿಸಿ ಆಡಿಸಿದೆ. ನಾಲ್ಕನೇ ಸಲಕ್ಕೆ ಸೆಂಟರ್ ತಾನಾಗಿಯೇ ತಿರುಗಿ ವಿಂಗ್ ಡಿಫೆನ್ಸ್‌ಗೆ ಕೊಟ್ಟಳು. ಕೊಟ್ಟವಳು ಅಲ್ಲೇ ನಿಲ್ಲದೆ ಎದುರು ಪಾಲಿಗೆ ಓಡಿದಳು, ಅವಳ ಕಾವಲಿನವಳು ಚೆಂಡನ್ನು ನೋಡುತ್ತ ನಿಂತಿದ್ದಳು. ಹಿಂದಕ್ಕೆ ಹೋದ ಆ ಒಂದು ಪಾಸಿನಿಂದ ಮುಂದೆ ಒಬ್ಬಳು ಬಿಡುವಾಗಿ ಸಿಕ್ಕಳು.

ವಿಂಗ್ ಡಿಫೆನ್ಸ್‌ನ ಅತಿ ದೊಡ್ಡ ಉಪಯೋಗ ಗೊತ್ತಾದದ್ದು ಇದಕ್ಕೂ ಮುಂದಿನ ಹಂತದಲ್ಲಿ. ಚೆಂಡು ಎದುರು ಪಾಲಿಗೆ ಹೋದ ಮೇಲೆ ಸೆಂಟರ್ ಮತ್ತು ವಿಂಗ್ ಅಟ್ಯಾಕ್ ಅರ್ಧವೃತ್ತದ ಅಂಚಿಗೆ ಬರುತ್ತಾರೆ, ಒಳಗೆ ಕಾಲಿಡುವಂತಿಲ್ಲವಾದ್ದರಿಂದ ಅಂಚಿನಲ್ಲೇ ಒಬ್ಬರಿಗೊಬ್ಬರು ಚೆಂಡು ಬದಲಿಸುತ್ತ ಒಳಗಿನ ಇಬ್ಬರಲ್ಲಿ ಯಾರಾದರೂ ಬಿಡುವಾಗುವುದನ್ನು ಕಾಯುತ್ತಾರೆ. ನಮ್ಮವರಿಬ್ಬರೂ ಒಂದೇ ಬದಿಗೆ ಬಂದು ಸೇರುತ್ತಿದ್ದರು. ಆಗ ಎದುರಾಳಿಗೆ ಅರ್ಧ ಅಂಚನ್ನು ಕಾದರೆ ಸಾಕು. ಒಬ್ಬಳು ಪಕ್ಕದ ಅಂಚಿನಲ್ಲಿ, ಇನ್ನೊಬ್ಬಳು ನಡುನೆತ್ತಿಯಲ್ಲಿ ಎಂದು ಬೇರ್ಪಡಿಸಿದ ಮೇಲೂ ಕೆಲವೊಮ್ಮೆ ನಾಲ್ವರೂ ಕಾವಲಿನಲ್ಲಿ ಸಿಕ್ಕಿಬೀಳುತ್ತಿದ್ದರು. ಅಂಥ ಹೊತ್ತಿನಲ್ಲಿ ಐದನೆಯವಳಾಗಿ ನೆರವಿಗೆ ಬರುವುದು ಎರಡನೇ ಅಡ್ಡಗೆರೆಯವರೆಗೆ ಬಂದು ನಿಂತ ವಿಂಗ್ ಡಿಫೆನ್ಸ್.

ಗೆರೆ ಎರಡೂ ಬದಿಯ ಪಾಲುಗಳಿಗೆ ಸೇರಿದ್ದು, ಆದ್ದರಿಂದ ಪಾದ ಗೆರೆಯ ಮೇಲಿದ್ದರೆ ತಪ್ಪಿಲ್ಲ, ಗೆರೆಯಾಚೆ ನೆಲ ಮುಟ್ಟಿದರೆ ಆಫ್‌ಸೈಡ್. ಕೈಯನ್ನು ಆಚೆ ಚಾಚಿ ಹಿಡಿಯಬಹುದು. ಅವಳ ಪಾದದಿಂದ ಅರ್ಧವೃತ್ತದ ನೆತ್ತಿಗೆ ಇರುವ ದೂರ ಐದೂಕಾಲು ಮೀಟರ್ ಮಾತ್ರ. ನಡುಪಾಲಿನಿಂದ ವೃತ್ತಕ್ಕೆ ನೇರ ಎಸೆದರೆ ಯಾವ ಪಾಲೂ ಪೂರ್ತಿ ದಾಟುವುದಿಲ್ಲವಾದ್ದರಿಂದ ಅಲ್ಲಿಂದ ಅವಳು ಶೂಟರ್‌ಗೇ ಎತ್ತರದ ಪಾಸು ಕೊಡಬಹುದು. ಇದನ್ನು ಹತ್ತಾರು ಸಂಜೆ ಅಭ್ಯಾಸ ಮಾಡಿಸಿದೆ. ಸುಣ್ಣದ ಗೆರೆಯ ಮೇಲೆ ಅವಳ ಹೆಬ್ಬೆರಳಿನ ಗುರುತು ಬೀಳುತ್ತಿತ್ತು, ಆಚೆ ಬಿದ್ದರೆ ಕೆಂಪು ಮಣ್ಣಿನಲ್ಲಿ ಬಿಳಿ ಹೆಜ್ಜೆ ಕಾಣುತ್ತಿತ್ತು, ವಾದಕ್ಕೆ ಎಡೆಯಿರಲಿಲ್ಲ.

ಅದೇ ಶಿರಸಿ ತಂಡದೊಡನೆ ಮತ್ತೆ ಆಡಿದಾಗ ಎರಡನೇ ಅವಧಿಯಲ್ಲಿ ಒಂದು ಆಟ ನಾವು ಬಯಸಿದಂತೆಯೇ ನಡೆಯಿತು. ಕೀಪರ್ ರಿಬೌಂಡ್ ಹಿಡಿದು ಪಕ್ಕದ ಗೆರೆಯಲ್ಲಿದ್ದ ವಿಂಗ್ ಡಿಫೆನ್ಸ್‌ಗೆ ಕೊಟ್ಟಳು, ಅವಳಿಂದ ಇಳಿದು ಬಂದ ವಿಂಗ್ ಅಟ್ಯಾಕ್‌ಗೆ, ಅಲ್ಲಿಂದ ಎರಡನೇ ಗೆರೆಯ ಬಳಿಯಿದ್ದ ಗೋಲ್ ಅಟ್ಯಾಕ್‌ಗೆ, ಅವಳಿಂದ ವೃತ್ತದ ನೆತ್ತಿಗೆ ಓಡಿದ್ದ ಸೆಂಟರ್‌ಗೆ. ಒಳಗೆ ಶೂಟರ್‌ಳ ಮುಂದೆ ಎದುರಾಳಿ ಕೀಪರ್ ಅಡ್ಡವಿದ್ದಳು, ಗೋಲ್ ಅಟ್ಯಾಕ್ ಇನ್ನೂ ಒಳಗೆ ಸೇರಿರಲಿಲ್ಲ. ಸೆಂಟರ್ ಹಿಂದಕ್ಕೆ ತಿರುಗಿ, ಅಷ್ಟರಲ್ಲಿ ಗೆರೆಯ ಮೇಲೆ ಬಂದು ನಿಂತಿದ್ದ ವಿಂಗ್ ಡಿಫೆನ್ಸ್‌ಗೆ ಕೊಟ್ಟಳು. ಚೆಂಡು ಹಿಂದೆ ಹೋದೊಡನೆ ಎದುರಾಳಿ ಕೀಪರ್ ಒಂದು ಹೆಜ್ಜೆ ಮುಂದೆ ಬಂದಳು, ಅವಳ ತಲೆಯ ಮೇಲಿಂದ ಚೆಂಡು ಗೋಲುಕಂಬದ ಬುಡದಲ್ಲಿದ್ದ ಶೂಟರ್ ಕೈಗೆ ಇಳಿಯಿತು.

ನಮ್ಮ ಮೈದಾನ ಸಮುದ್ರದ ಕಡೆಗೆ ಉದ್ದವಾಗಿದೆ. ಮಧ್ಯಾಹ್ನದ ಮೇಲೆ ಪಡುವಣದಿಂದ ಗಾಳಿ ಎದ್ದರೆ ಆ ಕಡೆಗೆ ಎಸೆದ ಎತ್ತರದ ಪಾಸು ಒಂದು ತೋಳಿನಷ್ಟು ಮೊದಲೇ ಬಿದ್ದು ರಕ್ಷಕಿಯ ಕೈ ಸೇರುತ್ತದೆ. ಆ ತುದಿಗೆ ಆಡುವಾಗ ವಿಂಗ್ ಡಿಫೆನ್ಸ್ ನೇರವಾಗಿ ವೃತ್ತಕ್ಕೆ ಎಸೆಯದೆ, ಪಕ್ಕದ ಅಂಚಿನಲ್ಲಿರುವ ವಿಂಗ್ ಅಟ್ಯಾಕ್‌ಗೆ ಎದೆಮಟ್ಟದಲ್ಲಿ ಕೊಡಬೇಕೆಂದು ಈಗ ಹೇಳಿಕೊಡುತ್ತಿದ್ದೇನೆ.